ಕೆರೆಯಲ್ಲಿ ಮೀನು ಎಷ್ಟು? ಗುರುತು ಹಾಕಿ, ಮತ್ತೆ ಹಿಡಿದು, ಚಿತ್ರ ನೋಡಿ ಮಾಡುವ ಲೆಕ್ಕ

ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಕೆರೆಯನ್ನು ಗುತ್ತಿಗೆಗೆ ಪಡೆದು ಮೀನು ಬೆಳೆಸುವ ಸಹಕಾರ ಸಂಘಗಳಿಗೆ ತಾವು ಎಷ್ಟು ಮರಿ ಬಿಟ್ಟೆವು ಎಂಬುದು ರಸೀದಿ ನೋಡಿದರೆ ತಿಳಿಯುತ್ತದೆ. ಆದರೆ ಆ ಮರಿಗಳಲ್ಲಿ ಎಷ್ಟು ಉಳಿದು ಬೆಳೆದಿವೆ ಎಂಬುದು ತಿಳಿಯುವುದಿಲ್ಲ. ನೀರು ಮಣ್ಣಿನ ಬಣ್ಣದ್ದಾಗಿರುವ ನಮ್ಮ ಕೆರೆಗಳಲ್ಲಿ ಕಣ್ಣಿನಿಂದ ಎಣಿಸುವ ಮಾತೇ ಇಲ್ಲ, ಎಣಿಸಲೆಂದು ಕೆರೆಯನ್ನು ಬತ್ತಿಸುವಂತೆಯೂ ಇಲ್ಲ. ಇಂತಹ ಕಡೆ ಕೆಲವು ಮೀನುಗಳಿಗೆ ಗುರುತು ಹಾಕಿ ಬಿಟ್ಟು, ಕೆಲವು ದಿನಗಳ ನಂತರ ಮತ್ತೆ ಬಲೆ ಎಳೆದು, ಸಿಕ್ಕವುಗಳಲ್ಲಿ ಗುರುತಿನವು ಎಷ್ಟು ಎಂದು ನೋಡಿ ಒಟ್ಟು ಸಂಖ್ಯೆಯನ್ನು ಅಂದಾಜು ಮಾಡುತ್ತಾರೆ. ಡೆನ್ಮಾರ್ಕಿನ ಮೀನುಶಾಸ್ತ್ರಜ್ಞ ಪೀಟರ್ಸನ್ 1890ರ ದಶಕದಲ್ಲಿ ಚಪ್ಪಟೆ ಮೀನುಗಳಿಗೆ ಗುರುತು ಕಟ್ಟಿ ನಡೆಸಿದ ಅಧ್ಯಯನದಿಂದಾಗಿ ಈ ಲೆಕ್ಕಕ್ಕೆ ಅವರ ಹೆಸರು ಅಂಟಿಕೊಂಡಿದೆ.

ಲೆಕ್ಕದ ತಿರುಳು ಸರಳವಾಗಿದೆ. ಗುರುತಿನ ಮೀನುಗಳು ಉಳಿದವುಗಳೊಡನೆ ಚೆನ್ನಾಗಿ ಬೆರೆತಿದ್ದರೆ, ಎರಡನೆಯ ಬಾರಿ ಬಲೆಗೆ ಬಿದ್ದ ಮೀನುಗಳಲ್ಲಿ ಗುರುತಿನವುಗಳ ಪಾಲು ಇಡೀ ಕೆರೆಯಲ್ಲಿ ಅವುಗಳ ಪಾಲಿಗೆ ಸರಿಸುಮಾರು ಸಮನಾಗಿರಬೇಕು. ಬಲೆಯಲ್ಲಿ ಹತ್ತಕ್ಕೆ ಒಂದು ಗುರುತಿನದಾಗಿದ್ದರೆ, ನಾವು ಗುರುತು ಹಾಕಿ ಬಿಟ್ಟ ಮೀನುಗಳು ಕೆರೆಯ ಒಟ್ಟು ಮೀನುಗಳ ಹತ್ತನೆಯ ಒಂದು ಭಾಗ ಎಂದಾಗುತ್ತದೆ. ಗುರುತು ಹಾಕಿ ಬಿಟ್ಟ ಮೀನುಗಳ ಸಂಖ್ಯೆಯನ್ನು M ಎಂದೂ, ಎರಡನೆಯ ಬಾರಿ ಹಿಡಿದು ಪರೀಕ್ಷಿಸಿದ ಮೀನುಗಳ ಸಂಖ್ಯೆಯನ್ನು C ಎಂದೂ, ಅವುಗಳಲ್ಲಿ ಗುರುತು ಇದ್ದವುಗಳನ್ನು R ಎಂದೂ ಇಟ್ಟುಕೊಂಡರೆ, M ಮತ್ತು Cಗಳನ್ನು ಗುಣಿಸಿ Rನಿಂದ ಭಾಗಿಸಿದಾಗ ಒಟ್ಟು ಸಂಖ್ಯೆ N ಸಿಗುತ್ತದೆ. R ಚಿಕ್ಕದಾಗಿದ್ದಾಗ ಈ ಭಾಗಾಕಾರದ ಉತ್ತರ ಸರಾಸರಿಯಲ್ಲಿ ತುಸು ಹೆಚ್ಚಾಗಿ ಬರುವುದರಿಂದ, ಚಾಪ್ಮನ್ 1951ರಲ್ಲಿ ಕೊಟ್ಟ ತಿದ್ದಿದ ಸೂತ್ರವನ್ನೇ ಬಳಸುವುದು ಒಳ್ಳೆಯದು.

```
N = (M + 1) × (C + 1) / (R + 1) − 1
```

ಸೂತ್ರವನ್ನು ಯಾರು ಬೇಕಾದರೂ ಲೆಕ್ಕಯಂತ್ರದಲ್ಲಿ ಬಿಡಿಸಬಹುದು. ಕಷ್ಟವಿರುವುದು R ಎಂಬ ಆ ಚಿಕ್ಕ ಸಂಖ್ಯೆಯಲ್ಲಿ. M ಮತ್ತು C ನೂರಾರು ಇರುತ್ತವೆ, ಅವುಗಳಲ್ಲಿ ಒಂದೆರಡು ತಪ್ಪಿದರೂ ಉತ್ತರ ಅಲುಗಾಡುವುದಿಲ್ಲ. R ಇಪ್ಪತ್ತೋ ಮೂವತ್ತೋ ಇರುತ್ತದೆ, ಅದೂ ಛೇದದಲ್ಲಿ ಕೂತಿರುತ್ತದೆ. ಅಲ್ಲಿ ಮೂರು ಮೀನು ತಪ್ಪಿದರೆ ಕೆರೆಯಲ್ಲಿ ಇಲ್ಲದ ಇನ್ನೂರು ಮೀನು ಕಾಗದದ ಮೇಲೆ ಹುಟ್ಟಿಕೊಳ್ಳುತ್ತವೆ. ಆದ್ದರಿಂದಲೇ ಗುರುತು ಹಾಕುವಾಗಲೂ ಮತ್ತೆ ಹಿಡಿದಾಗಲೂ ಪ್ರತಿಯೊಂದು ಮೀನಿನ ಚಿತ್ರ ತೆಗೆದು, ದಡದಲ್ಲಿ ಬರೆದ ಪುಸ್ತಕದ ಎಣಿಕೆಯನ್ನು ಚಿತ್ರಗಳೊಡನೆ ತಾಳೆ ನೋಡುವ ಪದ್ಧತಿಯನ್ನು ನಾನು ಅನಿವಾರ್ಯವೆಂದೇ ಭಾವಿಸುತ್ತೇನೆ.

ಇದನ್ನು ಒಂದು ಉದಾಹರಣೆಯ ಮೂಲಕ ಕೊನೆಯವರೆಗೂ ನೋಡೋಣ. ಬೀಳಗಿ ಕಡೆಯ ಮಧ್ಯಮ ಗಾತ್ರದ ಕೆರೆಯೊಂದನ್ನು ಕಲ್ಪಿಸಿಕೊಳ್ಳಿ. ಮುಂದಿನ ಅಂಕಿಗಳು ಲೆಕ್ಕವನ್ನು ತೋರಿಸಲೆಂದೇ ಇಟ್ಟುಕೊಂಡವು, ಯಾವುದೇ ನಿಜವಾದ ಕೆರೆಯ ಸಮೀಕ್ಷೆಯಿಂದ ಬಂದವಲ್ಲ. ಎಣಿಸಬೇಕಾದದ್ದು ರೋಹು ಮೀನು, ಅದರಲ್ಲಿಯೂ 20 ಸೆಂಟಿಮೀಟರಿಗಿಂತ ಉದ್ದವಾದವು ಮಾತ್ರ, ಏಕೆಂದರೆ ಅದಕ್ಕಿಂತ ಚಿಕ್ಕವು ಎಳೆಬಲೆಯ ಕಣ್ಣಿನಿಂದ ನುಸುಳಿಹೋಗುತ್ತವೆ. ರೋಹುವನ್ನು ಆರಿಸಿಕೊಂಡದ್ದಕ್ಕೆ ಇನ್ನೊಂದು ಕಾರಣವಿದೆ. ಈ ವಿಧಾನದ ಮೊದಲ ಷರತ್ತು, ಎರಡು ಹಿಡಿತಗಳ ನಡುವೆ ಕೆರೆಗೆ ಹೊಸ ಮೀನು ಸೇರಬಾರದು, ಇದ್ದವು ಹೊರಗೆ ಹೋಗಬಾರದು ಎಂಬುದು. ರೋಹು, ಕಾಟ್ಲಾ, ಮೃಗಾಲಗಳು ಹರಿಯುವ ನೀರನ್ನು ಬಯಸುವ ಮೀನುಗಳಾದ್ದರಿಂದ ನಿಂತ ನೀರಿನ ಕೆರೆಯಲ್ಲಿ ಸಾಮಾನ್ಯವಾಗಿ ಮರಿ ಮಾಡುವುದಿಲ್ಲ. ಜಿಲೇಬಿ ಮೀನಾದರೆ ಕೆರೆಯಲ್ಲಿಯೇ ಮೇಲಿಂದ ಮೇಲೆ ಮರಿ ಹಾಕುತ್ತಿರುತ್ತದೆ, ಅದಕ್ಕೆ ಈ ಷರತ್ತನ್ನು ಪಾಲಿಸುವುದು ಕಷ್ಟ.

ಕಾಲವನ್ನೂ ಹಾಗೆಯೇ ಆರಿಸಿಕೊಳ್ಳಬೇಕು. ಮಳೆಗಾಲದಲ್ಲಿ ಕೋಡಿ ಹರಿದರೆ ಮೀನು ಹೊರಗೆ ಹೋಗುತ್ತವೆ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಕಾದ ನೀರಿನಿಂದ ಎತ್ತಿ ಕೈಯಲ್ಲಿ ಹಿಡಿದ ಮೀನು ಬದುಕುವುದು ಕಷ್ಟ. ಹಾಗಾಗಿ ಬಿಳಿಜೋಳದ ಕೊಯ್ಲಿನ ಹೊತ್ತು, ಅಂದರೆ ಜನವರಿಯ ಕೊನೆಯಿಂದ ಫೆಬ್ರವರಿಯವರೆಗಿನ ಕಾಲ ಅನುಕೂಲ. ಕೆರೆ ತುಂಬುವ ಯೋಜನೆಯಡಿ ಕೊಳವೆಯಲ್ಲಿ ನದಿಯ ನೀರು ಬರುವ ಕೆರೆಯಾದರೆ, ಆ ದಿನಗಳಲ್ಲಿ ಪಂಪು ನಡೆಯುವುದಿಲ್ಲವೆಂದು ಮೊದಲೇ ವಿಚಾರಿಸಿ ಖಚಿತಪಡಿಸಿಕೊಳ್ಳಬೇಕು. ಎರಡು ಹಿಡಿತಗಳ ನಡುವೆ ನಮ್ಮ ಉದಾಹರಣೆಯಲ್ಲಿ 12 ದಿನಗಳ ಅಂತರವಿದೆ. ಮೀನುಗಳು ಗಾಬರಿ ಕಳೆದು ಕೆರೆಯ ಉದ್ದಗಲಕ್ಕೂ ಬೆರೆಯಲು ಅಷ್ಟು ಬೇಕು, ಹಾಗೆಯೇ ಸಾವು, ಕಳವು, ಬೆಳವಣಿಗೆಗಳು ಲೆಕ್ಕವನ್ನು ಕೆಡಿಸದಿರಲು ಅದಕ್ಕಿಂತ ಬಹಳ ಹೆಚ್ಚಾಗಬಾರದು.

ಮೊದಲ ಹಿಡಿತದಲ್ಲಿ 185 ರೋಹುಗಳಿಗೆ ಗುರುತು ಹಾಕಲಾಯಿತು ಎಂದಿಟ್ಟುಕೊಳ್ಳೋಣ. ಬಳಸಿದ್ದು ಬಟ್ಟೆ ಅಂಗಡಿಯಲ್ಲಿ ಬೆಲೆಚೀಟಿ ಪೋಣಿಸುವ ಗನ್ನಿನಂತಹ ಉಪಕರಣದಿಂದ ಬೆನ್ನಿನ ರೆಕ್ಕೆಯ ಬುಡದಲ್ಲಿ ಎಡಬದಿಯಿಂದ ಚುಚ್ಚುವ ತೆಳ್ಳನೆಯ ಪ್ಲಾಸ್ಟಿಕ್ ಟ್ಯಾಗು. ಅದರ ಒಳತುದಿ ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿದ್ದು, ರೆಕ್ಕೆಗೆ ಆಧಾರವಾದ ಮುಳ್ಳುಗಳ ನಡುವೆ ಸಿಕ್ಕಿಕೊಂಡರೆ ನಿಲ್ಲುತ್ತದೆ. ಬರೀ ಮಾಂಸದಲ್ಲಿ ಚುಚ್ಚಿದ್ದು ಕೆಲವೇ ದಿನಗಳಲ್ಲಿ ಉದುರಿಹೋಗುತ್ತದೆ. ಹೊರಗುಳಿದ ಎಳೆಯ ಮೇಲೆ ಸಂಖ್ಯೆ ಮುದ್ರಿತವಾಗಿರುತ್ತದೆ. ಟ್ಯಾಗಿನ ಜೊತೆಗೆ ಎರಡನೆಯ ಗುರುತಾಗಿ ಹೊಟ್ಟೆಯ ಕೆಳಗಿನ ಜೋಡಿ ರೆಕ್ಕೆಗಳಲ್ಲಿ ಎಡಗಡೆಯದರ ತುದಿಯನ್ನು ಕತ್ತರಿಯಿಂದ ನೇರವಾಗಿ ಕತ್ತರಿಸಲಾಯಿತು. ಕತ್ತರಿಸಿದ ರೆಕ್ಕೆ ತಿಂಗಳುಗಳಲ್ಲಿ ಮತ್ತೆ ಬೆಳೆಯುತ್ತದೆಯಾದರೂ 12 ದಿನಗಳಲ್ಲಿ ಆ ನೇರವಾದ ಅಂಚು ಅಳಿಸಿಹೋಗುವುದಿಲ್ಲ. ಟ್ಯಾಗು ಕಳಚಿದ ಮೀನನ್ನು ಗುರುತಿಸಲು ಇದಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ.

ಗುರುತು ಹಾಕಿದ ಮೀನುಗಳನ್ನು ಕೂಡಲೇ ಕೆರೆಗೆ ಬಿಡದೆ, ನೀರಿನಲ್ಲಿ ಗೂಟ ನೆಟ್ಟು ಕಟ್ಟಿದ ಬಲೆಯ ತೊಟ್ಟಿಯಲ್ಲಿ, ಅಂದರೆ ಹಾಪಾದಲ್ಲಿ, ಒಂದು ರಾತ್ರಿ ಇಡಬೇಕು. ಬೆಳಗಾಗುವಷ್ಟರಲ್ಲಿ 5 ಸತ್ತಿದ್ದವು, 180 ಮೀನುಗಳನ್ನು ಕೆರೆಯ ಬೇರೆ ಬೇರೆ ಕಡೆ ತೆಪ್ಪದಲ್ಲಿ ಒಯ್ದು ಬಿಡಲಾಯಿತು. ಹೀಗಾಗಿ M ಎಂದರೆ 180. ಆ ಐದು ಸಾವುಗಳು ಹಾಪಾದಲ್ಲಿ ಆಗದೆ ಕೆರೆಯಲ್ಲಿ ಆಗಿದ್ದರೆ ನಮಗೆ ತಿಳಿಯುತ್ತಲೇ ಇರಲಿಲ್ಲ, ಬದುಕಿಲ್ಲದ ಗುರುತಿನ ಮೀನುಗಳನ್ನು ಬದುಕಿವೆಯೆಂದು ಎಣಿಸಿ ಕೆರೆಯ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳುತ್ತಿದ್ದೆವು.

ಈಗ ಚಿತ್ರದ ವಿಷಯಕ್ಕೆ ಬರೋಣ. ಬಿಳಿ ಬಣ್ಣ ಬಳಿದ ಹಲಗೆಯ ಮೇಲೆ ಸೆಂಟಿಮೀಟರ್ ಪಟ್ಟಿ ಅಂಟಿಸಿ, ಪಕ್ಕದಲ್ಲಿ ದಿನಾಂಕ, ಬಲೆ ಎಳೆದ ಕ್ರಮಸಂಖ್ಯೆ ಮತ್ತು ಮೀನಿನ ಕ್ರಮಸಂಖ್ಯೆ ಬರೆದ ಪಾಟಿ ಇಡಬೇಕು. ಹಲಗೆಯನ್ನು ಒದ್ದೆ ಮಾಡಿ ಮೀನನ್ನು ಎಡಬದಿ ಮೇಲಾಗುವಂತೆ ಮಲಗಿಸಿ, ಟ್ಯಾಗಿನ ಸಂಖ್ಯೆ ಕ್ಯಾಮೆರಾಕ್ಕೆ ಕಾಣುವಂತೆ ತಿರುಗಿಸಿ, ಕತ್ತರಿಸಿದ ರೆಕ್ಕೆಯನ್ನು ಬೆರಳಿನಿಂದ ಬಿಡಿಸಿ ಹಿಡಿದು ಚಿತ್ರ ತೆಗೆಯಬೇಕು. ಮೇಲೆ ಬಟ್ಟೆಯ ನೆರಳು ಇರಲೇಬೇಕು, ಇಲ್ಲವಾದರೆ ಒದ್ದೆ ಪೊರೆಯ ಮೇಲೆ ಬಿಸಿಲು ಹೊಳೆದು ಸಂಖ್ಯೆ ಮಾಯವಾಗುತ್ತದೆ, 168 ಎಂಬುದು 188 ಆಗಿ ಓದಿಸಿಕೊಳ್ಳುತ್ತದೆ. ಎರಡನೆಯ ಹಿಡಿತದಲ್ಲಿ ಟ್ಯಾಗು ಇದ್ದವುಗಳ ಚಿತ್ರವನ್ನಷ್ಟೇ ತೆಗೆದರೆ ಸಾಲದು. ಟ್ಯಾಗು ಇಲ್ಲವೆಂದು ದಡದಲ್ಲಿ ಕಂಡ ಮೀನುಗಳ ಚಿತ್ರಗಳಲ್ಲಿಯೇ ನಮ್ಮ ತಪ್ಪುಗಳು ಅಡಗಿರುತ್ತವೆ.

ನಮ್ಮ ಉದಾಹರಣೆಯಲ್ಲಿ ಎರಡನೆಯ ಹಿಡಿತದ ಪುಸ್ತಕದಲ್ಲಿ 241 ಮೀನು, ಅವುಗಳಲ್ಲಿ 22ಕ್ಕೆ ಟ್ಯಾಗು ಎಂದು ಬರೆದಿದೆ. ಸಂಜೆಯ ನಂತರ ಇಬ್ಬರು ಪ್ರತ್ಯೇಕವಾಗಿ ಕೂತು, ಪುಸ್ತಕವನ್ನು ನೋಡದೆ, ಎಲ್ಲ ಚಿತ್ರಗಳನ್ನು ಓದಿದರು. ಅವರಿಗೆ ಮೊದಲು ಕಂಡದ್ದು ಒಂದೇ ಟ್ಯಾಗ್ ಸಂಖ್ಯೆ ಎರಡು ಬೇರೆ ಬಲೆ ಎಳೆತಗಳ ಚಿತ್ರಗಳಲ್ಲಿ ಬಂದದ್ದು. ಹಿಡಿದ ಮೀನುಗಳನ್ನು ದಿನದ ಕೆಲಸ ಮುಗಿಯುವವರೆಗೆ ಹಾಪಾದಲ್ಲಿ ಇಟ್ಟಿದ್ದರೂ ಒಂದು ಮೀನು ಹಾರಿ ಹೊರಬಿದ್ದು ಮತ್ತೆ ಬಲೆಗೆ ಸಿಕ್ಕಿತ್ತು. ಗುರುತಿಲ್ಲದ ಮೀನೂ ಹೀಗೆ ಎರಡು ಬಾರಿ ಬಂದಿರಬಹುದಲ್ಲ ಎಂಬ ಪ್ರಶ್ನೆ ಏಳುತ್ತದೆ, ಅದು ನ್ಯಾಯವಾದ ಪ್ರಶ್ನೆ. ಅದಕ್ಕಾಗಿಯೇ ಎರಡನೆಯ ಹಿಡಿತದಲ್ಲಿ ಚಿತ್ರ ತೆಗೆದ ಮೇಲೆ ಪ್ರತಿಯೊಂದು ಮೀನಿನ ಬಾಲದ ಕೆಳತುದಿಯನ್ನು ಚೂರು ಕತ್ತರಿಸಿ ಹಾಪಾಕ್ಕೆ ಬಿಡಬೇಕು. ಬಾಲ ಕತ್ತರಿಸಿದ ಮೀನು ಮತ್ತೆ ಹಲಗೆಯ ಮೇಲೆ ಬಂದರೆ ಟ್ಯಾಗು ಇರಲಿ ಇಲ್ಲದಿರಲಿ ಅದು ಎರಡನೆಯ ಸಲ ಬಂದದ್ದೆಂದು ಚಿತ್ರವೇ ಹೇಳುತ್ತದೆ. ಇಲ್ಲಿ ಅಂಥದ್ದು ಆ ಒಂದೇ ಆಗಿತ್ತು. ಅದನ್ನು ತೆಗೆದಾಗ C 240ಕ್ಕೂ ಟ್ಯಾಗು ಇರುವವು 21ಕ್ಕೂ ಇಳಿದವು.

ಎರಡನೆಯದಾಗಿ, ಟ್ಯಾಗು ಇಲ್ಲದ ಮೂರು ಮೀನುಗಳ ಚಿತ್ರದಲ್ಲಿ ಎಡಗಡೆಯ ರೆಕ್ಕೆಯ ತುದಿ ನೇರವಾಗಿ ಕತ್ತರಿಸಿದಂತಿತ್ತು, ಬೆನ್ನಿನ ರೆಕ್ಕೆಯ ಬುಡದಲ್ಲಿ ಮಾಯುತ್ತಿರುವ ಸಣ್ಣ ಗಾಯವೂ ಕಾಣುತ್ತಿತ್ತು. ದಡದ ಗಡಿಬಿಡಿಯಲ್ಲಿ ಇವು ಗುರುತಿಲ್ಲದವು ಎಂದು ದಾಖಲಾಗಿದ್ದವು. ರೆಕ್ಕೆಯ ಕತ್ತರಿಕೆ ಮತ್ತು ಬೆನ್ನಿನ ಗಾಯ ಎರಡೂ ಒಟ್ಟಿಗೆ ಇರುವುದರಿಂದ, ಇದು ಬಲೆ ತಾಗಿ ಹರಿದ ರೆಕ್ಕೆಯಿರಬಹುದೇ ಎಂಬ ಅನುಮಾನಕ್ಕೆ ಎಡೆಯಿಲ್ಲ. ಹೀಗೆ R 24 ಆಯಿತು. ಗುರುತಿನ 24 ಮೀನುಗಳಲ್ಲಿ 3 ಟ್ಯಾಗು ಕಳೆದುಕೊಂಡಿದ್ದವು ಎಂದರೆ ಎಂಟಕ್ಕೊಂದು. ಎರಡನೆಯ ಗುರುತು ಇಲ್ಲದೆ ಟ್ಯಾಗನ್ನೇ ನಂಬಿದ ಸಮೀಕ್ಷೆಯಾಗಿದ್ದರೆ ಈ ನಷ್ಟ ಎಂದಿಗೂ ಕಾಣಿಸುತ್ತಿರಲಿಲ್ಲ.

ಪುಸ್ತಕದ ಅಂಕಿಗಳಿಂದ ಸೂತ್ರ ಬಿಡಿಸಿದರೆ 1903 ಮೀನು ಬರುತ್ತದೆ, ಚಿತ್ರ ನೋಡಿ ತಿದ್ದಿದ ಅಂಕಿಗಳಿಂದ 1744.

```
(180 + 1) × (241 + 1) / (22 + 1) − 1 = 1903
(180 + 1) × (240 + 1) / (24 + 1) − 1 = 1744
```

ಚಿತ್ರವೇ ಓದಲು ಬಾರದಂತಿದ್ದರೆ ಏನು ಮಾಡಬೇಕೆಂಬುದನ್ನು ಕೆಲಸ ಶುರುವಾಗುವ ಮೊದಲೇ ತೀರ್ಮಾನಿಸಿ ಬರೆದಿಡಬೇಕು. ಮಸೂರದ ಮೇಲೆ ನೀರಿನ ಹನಿ ಕೂತು ಟ್ಯಾಗೂ ರೆಕ್ಕೆಯೂ ಕಾಣದಂತಾದ ಮೀನನ್ನು C ಮತ್ತು R ಎರಡೂ ಲೆಕ್ಕಗಳಿಂದ ಬಿಡುವುದು ಸರಿ. ಅಂಥವನ್ನು ಗುರುತಿಲ್ಲದವೆಂದು ಎಣಿಸುವುದು ತಪ್ಪು, ಏಕೆಂದರೆ ಆಗ ಮಸುಕಾದ ಪ್ರತಿಯೊಂದು ಚಿತ್ರವೂ ಕೆರೆಯ ಮೀನನ್ನು ಹೆಚ್ಚಿಸುವ ಕಡೆಗೇ ವಾಲುತ್ತದೆ.

1744 ಎಂಬ ಉತ್ತರವನ್ನು ಹಾಗೆಯೇ ಠರಾವಿನಲ್ಲಿ ಬರೆದು ಮುಗಿಸುವಂತಿಲ್ಲ. ಎಲ್ಲವೂ ಸರಿಯಾಗಿ ನಡೆದಿದ್ದರೂ ಅದೇ ಕೆರೆಯಲ್ಲಿ ಮರುದಿನ ಬಲೆ ಎಳೆದಿದ್ದರೆ 24ರ ಬದಲು 19ಓ 30ಓ ಗುರುತಿನ ಮೀನು ಬರಬಹುದಿತ್ತು. 24 ಎಂಬ ಎಣಿಕೆ ಸಿಕ್ಕಾಗ, ಅದರ ಹಿಂದಿರುವ ನಿಜವಾದ ಸರಾಸರಿ ಸುಮಾರು 15ರಿಂದ 36ರವರೆಗೆ ಎಲ್ಲಿ ಬೇಕಾದರೂ ಇರಬಹುದೆಂದು, ನೂರಕ್ಕೆ 95ರ ಭರವಸೆಯ ಮಟ್ಟದಲ್ಲಿ, ಸಂಖ್ಯಾಶಾಸ್ತ್ರದ ಕೋಷ್ಟಕ ಹೇಳುತ್ತದೆ. ಆ ಎರಡು ಕೊನೆಗಳನ್ನು ಸೂತ್ರದಲ್ಲಿ ಹಾಕಿದರೆ ಕೆರೆಯ ಮೀನು ಹೆಚ್ಚುಕಡಿಮೆ 1200ರಿಂದ 2700ರವರೆಗೆ ಎಂದು ಬರುತ್ತದೆ. ಈ ವ್ಯಾಪ್ತಿ 1744ರ ಎರಡೂ ಬದಿಗೆ ಸಮನಾಗಿಲ್ಲ ಎಂಬುದನ್ನು ಗಮನಿಸಬೇಕು. R ಛೇದದಲ್ಲಿರುವುದರಿಂದ ಅದು ಕಡಿಮೆಯಾದಾಗ ಉತ್ತರ ಮೇಲಕ್ಕೆ ಬಹಳ ದೂರ ಹಾರುತ್ತದೆ, ಹೆಚ್ಚಾದಾಗ ಕೆಳಕ್ಕೆ ಸ್ವಲ್ಪವೇ ಇಳಿಯುತ್ತದೆ. ಈ ಅನಿಶ್ಚಿತತೆಯನ್ನು ಅರ್ಧಕ್ಕೆ ಇಳಿಸಬೇಕೆಂದರೆ R ಸುಮಾರು ನಾಲ್ಕು ಪಟ್ಟು ಆಗಬೇಕು, ಅಂದರೆ ಗುರುತು ಹಾಕುವುದನ್ನೂ ಮತ್ತೆ ಹಿಡಿಯುವುದನ್ನೂ ಎರಡೆರಡು ಪಟ್ಟು ಮಾಡಬೇಕು. ಎಷ್ಟು ಟ್ಯಾಗು ಕೊಳ್ಳಬೇಕೆಂಬುದನ್ನು ಈ ಲೆಕ್ಕದಿಂದಲೇ ಮುಂಚಿತವಾಗಿ ನಿರ್ಧರಿಸಬಹುದು. ಕೆರೆಯಲ್ಲಿ 2000 ಮೀನು ಇರಬಹುದೆಂಬ ಊಹೆಯಿದ್ದು R ಕನಿಷ್ಠ 50 ಬೇಕೆಂದರೆ, M ಮತ್ತು Cಗಳ ಗುಣಲಬ್ಧ ಒಂದು ಲಕ್ಷವಾಗಬೇಕು, ಉದಾಹರಣೆಗೆ 250ಕ್ಕೆ ಗುರುತು ಹಾಕಿ 400 ಹಿಡಿಯಬೇಕು.

ಆಕಸ್ಮಿಕದಿಂದ ಬರುವ ಈ ಅನಿಶ್ಚಿತತೆಗಿಂತ ನನಗೆ ಹೆಚ್ಚು ಚಿಂತೆಯಾಗುವುದು ಎಲ್ಲ ಮೀನುಗಳೂ ಬಲೆಗೆ ಸಮನಾಗಿ ಸಿಗುತ್ತವೆ ಎಂಬ ಊಹೆಯ ಬಗ್ಗೆ. ಸುಲಭವಾಗಿ ಸಿಗುವ ಮೀನುಗಳೇ ಮೊದಲ ಸಲ ಗುರುತು ಹಾಕಿಸಿಕೊಂಡು, ಎರಡನೆಯ ಸಲವೂ ಅವೇ ಬಂದರೆ, R ಉಬ್ಬುತ್ತದೆ ಮತ್ತು ಕೆರೆಯಲ್ಲಿ ಇರುವುದಕ್ಕಿಂತ ಕಡಿಮೆ ಮೀನು ಇವೆ ಎಂಬ ಉತ್ತರ ಬರುತ್ತದೆ. ಇದನ್ನು ಪತ್ತೆ ಹಚ್ಚಲು ಮತ್ತೆ ಚಿತ್ರಗಳೇ ನೆರವಾಗುತ್ತವೆ, ಏಕೆಂದರೆ ಪ್ರತಿ ಚಿತ್ರದಲ್ಲಿಯೂ ಅಳತೆಯ ಪಟ್ಟಿ ಇದೆ. ನಮ್ಮ 180 ಮೀನುಗಳನ್ನು ಉದ್ದದ ಪ್ರಕಾರ ವಿಂಗಡಿಸಿದಾಗ 30 ಸೆಂಟಿಮೀಟರಿಗಿಂತ ಚಿಕ್ಕವು 60, ಅದಕ್ಕೂ ದೊಡ್ಡವು 120 ಇದ್ದವು. ಚಿಕ್ಕ 60ರಲ್ಲಿ 4 ಮತ್ತೆ ಸಿಕ್ಕಿದವು, ದೊಡ್ಡ 120ರಲ್ಲಿ 20. ಅಂದರೆ ಚಿಕ್ಕವುಗಳಲ್ಲಿ ಹದಿನೈದಕ್ಕೊಂದು, ದೊಡ್ಡವುಗಳಲ್ಲಿ ಆರಕ್ಕೊಂದು. ಇಷ್ಟು ವ್ಯತ್ಯಾಸ ಬರಿಯ ಆಕಸ್ಮಿಕದಿಂದ ಬರುವ ಸಾಧ್ಯತೆ ಕೈ-ವರ್ಗ ಎಂಬ ಸಂಖ್ಯಾಶಾಸ್ತ್ರದ ಪರೀಕ್ಷೆಯ ಪ್ರಕಾರ ಹದಿನಾರಕ್ಕೆ ಒಂದರಷ್ಟು. ಇದು ಖಚಿತವಾದ ಸಾಕ್ಷ್ಯವಲ್ಲ. ಆದರೂ ಚಿಕ್ಕ ಮೀನು ಬಲೆಯ ಕಣ್ಣಿನಿಂದ ತಪ್ಪಿಸಿಕೊಳ್ಳುವುದು ನಮಗೆ ಬೇರೆ ಕಾರಣದಿಂದಲೂ ತಿಳಿದಿರುವಾಗ, ಅದನ್ನು ಕಡೆಗಣಿಸುವುದು ಸರಿಯಲ್ಲ.

ಆದ್ದರಿಂದ ಎರಡು ಗುಂಪುಗಳಿಗೆ ಬೇರೆ ಬೇರೆ ಲೆಕ್ಕ ಮಾಡೋಣ. ಎರಡನೆಯ ಹಿಡಿತದ 240ರಲ್ಲಿ ಚಿಕ್ಕವು 90, ದೊಡ್ಡವು 150 ಇದ್ದವು.

```
(60 + 1) × (90 + 1) / (4 + 1) − 1 = 1109
(120 + 1) × (150 + 1) / (20 + 1) − 1 = 869
```

ಎರಡನ್ನೂ ಕೂಡಿಸಿದರೆ 1978, ಒಟ್ಟುಗೂಡಿಸಿ ಲೆಕ್ಕ ಮಾಡಿದ್ದಕ್ಕಿಂತ 234 ಹೆಚ್ಚು. ಆ 234 ಮೀನುಗಳು ಮೊದಲ ಲೆಕ್ಕದಲ್ಲಿ ಮರೆಯಾದದ್ದಕ್ಕೆ ಕಾರಣ, ದೊಡ್ಡ ಮೀನುಗಳ ಸುಲಭದ ಹಿಡಿತವನ್ನು ಚಿಕ್ಕವುಗಳ ಮೇಲೂ ಹೇರಿದ್ದು. ಆದರೆ ಈ ಎರಡು ಉತ್ತರಗಳಿಗೂ ಒಂದೇ ತೂಕವಿಲ್ಲ. R ಏಳಕ್ಕಿಂತ ಕಡಿಮೆಯಿದ್ದಾಗ ಚಾಪ್ಮನ್ ಸೂತ್ರವನ್ನೂ ನಂಬುವಂತಿಲ್ಲ ಎಂಬುದು ಈ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ನಿಯಮ. ನಾಲ್ಕೇ ಮೀನಿನ ಮೇಲೆ ನಿಂತ 1109 ಎಂಬುದು ಅಂದಾಜಿಗಿಂತ ಊಹೆಗೆ ಹತ್ತಿರ. ದೊಡ್ಡ ಮೀನುಗಳ 869 ಮಾತ್ರ, ಸುಮಾರು 570ರಿಂದ 1380ರ ವ್ಯಾಪ್ತಿಯೊಡನೆ, ಹೇಳಬಹುದಾದ ಮಾತು. ಸಂಘದವರು ಈ ವರ್ಷ ಹಿಡಿದು ಮಾರುವುದು ದೊಡ್ಡವನ್ನೇ ಆದ್ದರಿಂದ ಅವರಿಗೆ ಬೇಕಾದದ್ದೂ ಈ ಅಂಕಿಯೇ. ಚಿಕ್ಕವುಗಳ ಬಗ್ಗೆ ತಿಳಿಯಬೇಕಾದರೆ ಸಣ್ಣ ಕಣ್ಣಿನ ಬಲೆಯಿಂದ ಮತ್ತೊಂದು ಹಿಡಿತ ನಡೆಸಬೇಕು.

ಬೆರೆತಿವೆಯೇ ಎಂಬುದನ್ನೂ ಇದೇ ರೀತಿ ನೋಡಬಹುದು. ಪಾಟಿಯ ಮೇಲಿನ ಬಲೆಯ ಕ್ರಮಸಂಖ್ಯೆಯಿಂದ ಯಾವ ಮೀನು ಎಲ್ಲಿ ಸಿಕ್ಕಿತೆಂದು ತಿಳಿಯುತ್ತದೆ. ಒಡ್ಡಿನ ಬಳಿಯ ಆಳದ ನೀರಿನಲ್ಲಿ ಸಿಕ್ಕ 130ರಲ್ಲಿ 15, ಹಿಂಬದಿಯ ತೆಳುನೀರಿನ 110ರಲ್ಲಿ 9 ಗುರುತಿನವಾಗಿದ್ದವು. ಈ ಪಾಲುಗಳ ನಡುವಣ ಅಂತರ ಆಕಸ್ಮಿಕದ ಮಿತಿಯೊಳಗೇ ಇದೆ. ಒಂದು ಕಡೆ ನಾಲ್ಕಕ್ಕೊಂದು, ಇನ್ನೊಂದು ಕಡೆ ಮೂವತ್ತಕ್ಕೊಂದು ಬಂದಿದ್ದರೆ ಮೀನುಗಳು ಬಿಟ್ಟ ಜಾಗದಲ್ಲಿಯೇ ಉಳಿದಿವೆ ಎಂದು ತಿಳಿದು, ಇನ್ನಷ್ಟು ದಿನ ಕಾದು ಮತ್ತೆ ಬಲೆ ಎಳೆಯಬೇಕಾಗುತ್ತಿತ್ತು.

ಇದೇ ಲೆಕ್ಕವನ್ನು ಆಲಮಟ್ಟಿಯಲ್ಲಿಯೋ ಹಿಡಕಲ್ಲಿನಲ್ಲಿಯೋ ಮಾಡಬಹುದೇ ಎಂದರೆ, ಇದೇ ರೂಪದಲ್ಲಿ ಆಗುವುದಿಲ್ಲ. ಆಲಮಟ್ಟಿ ಜಲಾಶಯ 519.60 ಮೀಟರಿನ ಮಟ್ಟಕ್ಕೆ ತುಂಬಿದಾಗ ಹಿನ್ನೀರು ಬಾಗಲಕೋಟೆಯ ಅಂಚಿನವರೆಗೆ ಹಬ್ಬುತ್ತದೆ, ಕೃಷ್ಣೆ ಮತ್ತು ಘಟಪ್ರಭೆಯ ಮೇಲ್ಭಾಗಕ್ಕೆ ಮೀನು ಏರಿಹೋಗಲು ದಾರಿ ತೆರೆದಿರುತ್ತದೆ, ಗೇಟುಗಳ ಮೂಲಕ ಕೆಳಗೂ ಹೋಗುತ್ತವೆ. ಬರುವ ಹೋಗುವ ಮೀನುಗಳನ್ನು ಒಳಗೊಂಡ ಲೆಕ್ಕಕ್ಕೆ 1965ರಲ್ಲಿ ಜಾಲಿ ಮತ್ತು ಸೀಬರ್ ಬೇರೆ ಬೇರೆಯಾಗಿ ಕಟ್ಟಿದ ವಿಧಾನವಿದೆ. ಅದಕ್ಕೆ ಕನಿಷ್ಠ ಮೂರು ಹಿಡಿತಗಳು ಬೇಕು, ಪ್ರತಿ ಮೀನೂ ಯಾವ ಯಾವ ಹಿಡಿತದಲ್ಲಿ ಕಾಣಿಸಿಕೊಂಡಿತು ಎಂಬ ಇತಿಹಾಸ ಬೇಕು. ಬರಿಯ ರೆಕ್ಕೆ ಕತ್ತರಿಸಿದ ಗುರುತು ಅಲ್ಲಿ ಸಾಲದು, ಒಂದೊಂದು ಮೀನನ್ನೂ ಬೇರೆಯಾಗಿ ತಿಳಿಸುವ ಸಂಖ್ಯೆಯ ಟ್ಯಾಗು ಮತ್ತು ಆ ಸಂಖ್ಯೆ ಓದಲು ಬರುವ ಚಿತ್ರ ಇರಬೇಕು. ಮೇಲಾಗಿ ಅಷ್ಟು ದೊಡ್ಡ ನೀರಿನಲ್ಲಿ ಗುರುತಿನ ಮೀನು ಮತ್ತೆ ಸಿಗುವುದು ಬಹುಪಾಲು ಅಲ್ಲಿ ದಿನವೂ ಬಲೆ ಬೀಸುವ ಮೀನುಗಾರರ ಕೈಗೆ. ಅವರು ಟ್ಯಾಗನ್ನು ತಿಳಿಸದಿದ್ದರೆ ಅದು ಕಳಚಿಹೋದ ಟ್ಯಾಗಿನಂತೆಯೇ R ಅನ್ನು ಕುಗ್ಗಿಸುತ್ತದೆ. ಹಾಗಾಗಿ ಅಲ್ಲಿ ಮೀನು ಇಳಿಸುವ ಜಾಗದಲ್ಲಿ ಒಬ್ಬರು ಹಲಗೆ, ಪಾಟಿ, ಕ್ಯಾಮೆರಾ ಹಿಡಿದು ನಿಂತು, ಟ್ಯಾಗು ಇದ್ದವನ್ನೂ ಇಲ್ಲದವನ್ನೂ ಒಂದೂ ಬಿಡದೆ ಚಿತ್ರ ತೆಗೆದ ಬುಟ್ಟಿಗಳನ್ನು ಮಾತ್ರ C ಎಂದು ಎಣಿಸಬೇಕು, ಬಾಯಿಮಾತಿನ ವರದಿಗಳನ್ನು ಅದರಲ್ಲಿ ಸೇರಿಸಬಾರದು.